ಮುಚ್ಚಿದ ಅಂಗಡಿಯ ವಿಳಾಸ

ನಮ್ಮ ಮನೆಯಲ್ಲಿ ಏನಾದರೂ ಕೆಟ್ಟರೆ ಮೊದಲು ನನ್ನ ಬಾಯಿ ಕೆಡುತ್ತದೆ. ಹೋದ ವರ್ಷ ಒಂದು ಸೋಮವಾರ ಹಾಗೇ ಆಯಿತು. ಮಗಳು ಸಿಇಟಿಯ ಆಪ್ಷನ್ ಎಂಟ್ರಿ ಮುಗಿಸಬೇಕು, ಮಾರನೆಯ ದಿನವೇ ಕೊನೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಒಂದು ಪುಟವೂ ಬರಲಿಲ್ಲ. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ No internet ಎಂದಿತ್ತು. ಫೋನಿನಲ್ಲಿ ಮಾಡಬಹುದಿತ್ತು ನಿಜ, ಆದರೆ ಅಷ್ಟೊಂದು ಕಾಲೇಜುಗಳನ್ನು ಆ ಪುಟ್ಟ ಪರದೆಯಲ್ಲಿ ಹಿಂದೆಮುಂದೆ ಮಾಡಲು ಅವಳಿಗೆ ಧೈರ್ಯವಿರಲಿಲ್ಲ.

ಇಂಟರ್‌ನೆಟ್ ಇಲ್ಲವೆಂದು ಬರೆದೇ ಇರುವಾಗ ನಾನು ಬೇರೇನು ತಿಳಿಯಲಿ? ಲೈನ್ ನೋಡಿಕೊಳ್ಳುವ ಹುಡುಗನಿಗೆ ಫೋನ್ ಮಾಡಿ, "ತಿಂಗಳು ತಿಂಗಳು ದುಡ್ಡು ಮಾತ್ರ ಸರಿಯಾಗಿ ತಗೋತೀರಿ, ಮಗೂ ಭವಿಷ್ಯ ಹಾಳಾದರೆ ನೀನು ಕಟ್ಟಿಕೊಡ್ತೀಯೇನಪ್ಪಾ?" ಎಂದೆಲ್ಲ ಅಂದುಬಿಟ್ಟೆ. ಪಾಪ, ಅವನು "ಬರ್ತೀನಿ ಅಕ್ಕಾ" ಎಂದಷ್ಟೇ ಹೇಳಿದ. ಅವನು ಬರುವಷ್ಟರಲ್ಲಿ ಲ್ಯಾಪ್‌ಟಾಪನ್ನು ನಾಲ್ಕು ಸಲ ಆರಿಸಿ ಹಚ್ಚಿದ್ದಾಯಿತು, ವೈಫೈ ಪೆಟ್ಟಿಗೆಯ ಪ್ಲಗ್ ಕಿತ್ತು ಸಿಕ್ಕಿಸಿದ್ದಾಯಿತು, ದೇವರಿಗೆ ತುಪ್ಪದ ದೀಪವೂ ಆಯಿತು.

ಹುಡುಗ ಬಂದವನೇ ಕೇಳಿದ: "ಅಕ್ಕಾ, ಇದೇ ವೈಫೈನಲ್ಲಿ ನಿಮ್ಮ ಫೋನ್ ನಡೀತಿದೆಯಾ?" ನಡೆಯುತ್ತಿತ್ತು. ಬೆಳಗಿನಿಂದ ಅದರಲ್ಲೇ ಅಕ್ಕನಿಗೆ ನನ್ನ ಗೋಳು ಹೇಳಿಕೊಂಡಿದ್ದೆನಲ್ಲ! ಆಮೇಲೆ ಅವನು ಲ್ಯಾಪ್‌ಟಾಪಿನ ಕಪ್ಪು ಕಿಟಕಿಯೊಂದರಲ್ಲಿ ಹೀಗೆ ಬರೆದ:

```
ping 8.8.8.8
```

ಪಟಪಟನೆ ನಾಲ್ಕು ಉತ್ತರ ಬಂದವು. "ಲೈನೂ ಸರಿಯಿದೆ, ಲ್ಯಾಪ್‌ಟಾಪ್ ಹೊರಗೂ ಹೋಗ್ತಿದೆ. ಪುಟ ತರೋ ದಾರಿ ಮಾತ್ರ ತಪ್ಪಿದೆ" ಎಂದ. ದಪ್ಪ ಅಕ್ಷರದ ಕೆಳಗೆ ನಾನು ಓದದೇ ಬಿಟ್ಟಿದ್ದ ಸಣ್ಣ ಅಕ್ಷರಗಳನ್ನು ತೋರಿಸಿದ: ERR_PROXY_CONNECTION_FAILED. "ಯಾವುದಾದರೂ ವಿಪಿಎನ್ ಆಪ್ ಹಾಕಿದ್ರಾ?"

ಆಗ ಹೊರಬಿತ್ತು ಸಂಗತಿ. ಭಾನುವಾರ ಬಂದಿದ್ದ ಅಕ್ಕನ ಮಗ ನಮ್ಮಲ್ಲಿ ಸಿಗದ ಯಾವುದೋ ಧಾರಾವಾಹಿ ನೋಡಲು ಪುಕ್ಕಟೆ ಆಪೊಂದನ್ನು ಹಾಕಿದ್ದ. ನೋಡುತ್ತಿದ್ದಂತೆಯೇ ಚಾರ್ಜ್ ಮುಗಿದು ಲ್ಯಾಪ್‌ಟಾಪ್ ಆರಿತ್ತು. ಅವನು ರಾತ್ರಿ ಬಸ್ಸಿಗೆ ಹೊರಟುಹೋದ.

ಹುಡುಗ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಇಂಥ ಕೆಲವು ಆಪ್‌ಗಳು ಶುರುವಾದಾಗ, 'ಇನ್ನು ಮುಂದೆ ಪುಟಗಳನ್ನೆಲ್ಲ ನನ್ನ ಮೂಲಕವೇ ತರಿಸಿ' ಎಂದು ವಿಂಡೋಸಿಗೆ ಒಂದು ಚೀಟಿ ಬರೆದಿಡುತ್ತವೆ. ಅದಕ್ಕೇ ಪ್ರಾಕ್ಸಿ ಎನ್ನುವುದು. ಆಪನ್ನು ಸರಿಯಾಗಿ Disconnect ಮಾಡಿದರೆ ಅದೇ ಆ ಚೀಟಿಯನ್ನು ಹರಿದುಹಾಕುತ್ತದೆ. ನಡುವೆಯೇ ಸತ್ತರೆ ಚೀಟಿ ಹಾಗೇ ಉಳಿಯುತ್ತದೆ. ಅಂಗಡಿ ಮುಚ್ಚಿದೆ, ಸಾಮಾನು ಅಲ್ಲಿಂದಲೇ ತರಬೇಕೆಂಬ ಅಪ್ಪಣೆ ಮಾತ್ರ ಇದೆ! ಆ ಚೀಟಿ ಯಂತ್ರದೊಳಗೆ ಬರೆದಿಟ್ಟದ್ದಾದ್ದರಿಂದ ನಾಲ್ಕಲ್ಲ, ನಲವತ್ತು ಸಲ ಆರಿಸಿ ಹಚ್ಚಿದರೂ ಹೋಗುವುದಿಲ್ಲ. ಆಪನ್ನು ಕಿತ್ತುಹಾಕಿದರೂ ಎಷ್ಟೋ ಸಲ ಉಳಿದಿರುತ್ತದೆ.

ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮೆಜಮಾನರು ಪೇಪರಿನ ಮರೆಯಿಂದಲೇ ಹೇಳಿದರು: "ಹಳಿ ತಿರುಗಿಸಿದವನು ಮತ್ತೆ ಸರಿಮಾಡದೆ ಮನೆಗೆ ಹೋದರೆ ಮುಂದಿನ ವ್ಯಾಗನ್ನೂ ಆ ಕಡೆಗೇ ಹೋಗೋದು." ನ್ಯೂ ಟೌನಿನವರಿಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ?

ಹುಡುಗ Settings ತೆರೆದು Network & internet ಒಳಗೆ Proxy ಎಂಬಲ್ಲಿಗೆ ಹೋದ. Manual proxy setup ಕೆಳಗಿನ Use a proxy server ಎಂಬುದು On ಆಗಿತ್ತು. ವಿಳಾಸ 127.0.0.1, ಪೋರ್ಟ್ 8080. "ಈ 127.0.0.1 ಅಂದರೆ ಈ ಲ್ಯಾಪ್‌ಟಾಪೇ ಅಕ್ಕಾ. ತನ್ನ ಮನೆ ಬಾಗಿಲನ್ನು ತಾನೇ ತಟ್ಟಿ, ಯಾರೂ ತೆಗೀತಿಲ್ಲ ಅಂತ ಕೂತಿದೆ" ಎಂದು ನಕ್ಕ. ಅದನ್ನು Off ಮಾಡಿ Save ಒತ್ತಿದ. ಪುಟ ಬಂತು. ಒಂದು ನಿಮಿಷವೂ ಹಿಡಿಯಲಿಲ್ಲ.

ಹೋಗುವ ಮುಂಚೆ ಎರಡು ಮಾತು ಹೇಳಿದ. Off ಮಾಡಿದ್ದು ಮತ್ತೆ ತಾನಾಗಿ On ಆದರೆ ಆ ಆಪ್ ಎಲ್ಲೋ ಒಳಗೆ ಇನ್ನೂ ಓಡುತ್ತಿದೆ ಎಂದರ್ಥ, ಮೊದಲು ಅದನ್ನು ಕಿತ್ತು ಆಮೇಲೆ ಇದನ್ನು ಆರಿಸಬೇಕು. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪಿನಲ್ಲಾದರೆ ಪ್ರಾಕ್ಸಿಯನ್ನು ಅವರೇ ಬೇಕೆಂದು ಇಟ್ಟಿರಬಹುದು, ಕೇಳದೆ ಮುಟ್ಟಬಾರದು.

ಮಗಳು ಸಂಜೆಯೊಳಗೆ ಪಟ್ಟಿ ಮುಗಿಸಿದಳು. ಅಕ್ಕನ ಮಗ ಫೋನಿನಲ್ಲಿ, "ಸಾರಿ ಚಿಕ್ಕಮ್ಮಾ, ಆಫ್ ಆಯ್ತಲ್ಲ, ಸರಿಹೋಯ್ತು ಅಂದ್ಕೊಂಡೆ" ಎಂದ. ಆರಿಸುವುದು ಬೇರೆ, ಆರಿಹೋಗುವುದು ಬೇರೆ ಎಂದು ಅವನಿಗೆ ಹೇಳಿದೆ.

ಆದರೆ ನನ್ನ ಮಾತು? ಅದಕ್ಕೆ Off ಒತ್ತುವ ಜಾಗ ಇರಲಿಲ್ಲ. ಹುಡುಗನಿಗೆ ಕಾಫಿ ಕೊಟ್ಟು, "ಬೆಳಿಗ್ಗೆ ಅಂದದ್ದು ತಪ್ಪಾಯ್ತಪ್ಪ" ಎಂದೆ. "ಬಿಡಿ ಅಕ್ಕಾ, ದಪ್ಪ ಅಕ್ಷರ ಮಾತ್ರ ಓದಿದರೆ ಎಲ್ಲರೂ ನಮಗೇ ಬೈಯೋದು" ಎಂದು ಲೋಟ ಕೆಳಗಿಟ್ಟ. ಈಗ ನಾನು ಸಣ್ಣ ಅಕ್ಷರ ಓದಿದ ಮೇಲೇ ಫೋನ್ ಎತ್ತಿಕೊಳ್ಳುತ್ತೇನೆ.