ಫೀಸಿನ ತಾರೀಕು

ಇದು ದುಡ್ಡಿನ ಬಗ್ಗೆ ಬರೆದಿರೋ ಪೋಸ್ಟು, ಸ್ವಲ್ಪ ಉದ್ದ ಇದೆ. ಮನೆಯಲ್ಲಿ ಓದೋ ಮಕ್ಕಳಿರುವವರು ಬಿಡುವು ಮಾಡ್ಕೊಂಡು ಓದಿ.

2025ರ ಮಾರ್ಚ್ ಮೊದಲ ವಾರ ಅಕ್ಕ ಫೋನ್ ಮಾಡಿದ್ಲು. ಅವಳನ್ನ ಕೊಟ್ಟಿರೋದು ಸೊರಬ ತಾಲ್ಲೂಕು, ಆನವಟ್ಟಿ ಕಡೆ. ಮಗ ಸೆಕೆಂಡ್ ಪಿಯುಸಿ ಪರೀಕ್ಷೆ ಬರೀತಿದ್ದ, ಬಿಎಸ್ಸಿ ನರ್ಸಿಂಗ್‌ಗೆ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಮಾತಾಡಿದ್ರು. ವಾರದೊಳಗೆ ಎರಡು ಲಕ್ಷ ಕಟ್ಟಿದ್ರೆ ಸೀಟು, ಇಲ್ಲಾಂದ್ರೆ ಇಲ್ಲ. "ದುಡ್ಡಿದೆಯಲ್ಲೇ, ಭಾವ ಶುಂಠಿ ಮಾರಿ ಇಟ್ಟಿದ್ರಲ್ಲ" ಅಂದೆ. ಅವಳು ಸುಮ್ಮನಾದ್ಲು. ಆಮೇಲೆ "ನೀನೇ ಬಂದು ನೋಡು" ಅಂದ್ಲು.

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಹೋದೆ. ಭಾವ ಮೊಬೈಲ್ ಕೈಗೆ ಕೊಟ್ರು. 2024ರ ಆಗಸ್ಟ್‌ನಲ್ಲಿ ಪೂರ್ತಿ ಎರಡು ಲಕ್ಷವನ್ನ ಒಂದೇ ಸಲ ಸ್ಮಾಲ್ ಕ್ಯಾಪ್ ಮ್ಯೂಚುವಲ್ ಫಂಡಿಗೆ ಹಾಕಿದ್ರು. ಯಾವುದೋ ವಿಡಿಯೋದಲ್ಲಿ "ಮಕ್ಕಳ ಓದಿಗೆ ಇದಕ್ಕಿಂತ ಒಳ್ಳೇದಿಲ್ಲ" ಅಂತ ಹೇಳಿದ್ರಂತೆ. ಸೆಪ್ಟೆಂಬರ್ ಕೊನೆಯಿಂದ ಷೇರುಪೇಟೆ ಇಳಿಯೋಕೆ ಶುರುವಾಗಿತ್ತು, ಸಣ್ಣ ಕಂಪನಿಗಳ ಷೇರುಗಳಂತೂ ಹೆಚ್ಚುಕಮ್ಮಿ ಕಾಲು ಭಾಗ ಬಿದ್ದಿದ್ದವು. ವರ್ಷ ತುಂಬೋ ಮೊದಲೇ ತೆಗೆದಿದ್ದಕ್ಕೆ ಶೇ. 1 ಹಿಡ್ಕೊಂಡು ಕೈಗೆ ಬಂದಿದ್ದು 1,54,000. ಉಳಿದ 46,000ಕ್ಕೆ ಅಕ್ಕನ ಸರ ಅಡ ಇಟ್ಟಾಯ್ತು.

ಜೂನ್ ಕೊನೆ ಹೊತ್ತಿಗೆ ಆ ಷೇರುಗಳು ಬಹುಪಾಲು ವಾಪಸ್ ಏರಿದ್ವು. ಭಾವ ಅದನ್ನೂ ಮೊಬೈಲಲ್ಲಿ ತೋರಿಸಿ, "ನೋಡಪ್ಪಾ, ನಾಲ್ಕು ತಿಂಗಳು ತಡೆದಿದ್ರೆ ಸಾಕಿತ್ತು" ಅಂದ್ರು. ತಡೆಯೋಕೆ ಆಗ್ತಿರ್ಲಿಲ್ಲ. ಮಾರುಕಟ್ಟೆ ಕಾಯುತ್ತೆ, ಕಾಲೇಜಿನ ಕೌಂಟರ್ ಕಾಯಲ್ಲ. ಅದೇ ಎರಡು ಲಕ್ಷ ಏಳು ತಿಂಗಳು ಬ್ಯಾಂಕಿನ ಎಫ್‌ಡಿಯಲ್ಲಿದ್ದಿದ್ರೆ ಎಂಟು ಸಾವಿರದ ಹತ್ತಿರ ಬಡ್ಡಿ ಬರ್ತಿತ್ತು. ಅದಕ್ಕಿಂತ ಸ್ವಲ್ಪ ಜಾಸ್ತಿ ಸಿಗಲಿ ಅಂತ ಹೋಗಿ ನಲವತ್ತಾರು ಸಾವಿರ ಕಳೆದುಕೊಂಡಂಗಾಯ್ತು. ಫಂಡು ಕೆಟ್ಟದ್ದಾಗಿರಲಿಲ್ಲ. ಏಳು ತಿಂಗಳಲ್ಲಿ ಬೇಕಾಗುವ ದುಡ್ಡಿಗೆ ಅದು ಜಾಗ ಆಗಿರಲಿಲ್ಲ.

ಭಾವನಿಗೆ ಬುದ್ಧಿ ಹೇಳೋಕೆ ನಾನೇನು ಜಾಣ ಅಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಕೂತು ನನ್ನ ಮಗಳ ಲೆಕ್ಕ ಹಾಕಿದೆ. ಅವಳಿಗೆ ಎಂಟು ವರ್ಷ, ಪಿಯುಸಿ ಮುಗಿಯೋದು 2035ಕ್ಕೆ. ಹತ್ತು ವರ್ಷ ಟೈಮ್ ಇರೋ ದುಡ್ಡನ್ನ ನಾನು ಪೂರ್ತಿ ಪೋಸ್ಟ್ ಆಫೀಸ್ ಆರ್‌ಡಿಯಲ್ಲಿ ಇಟ್ಟಿದ್ದೆ, ತಿಂಗಳಿಗೆ 3,000. ಈಗಿನ ಶೇ. 6.7 ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಅದು ಐದು ಲಕ್ಷ ಚಿಲ್ಲರೆ ಆಗುತ್ತೆ. ಇವತ್ತು ಒಂದು ನಾಲ್ಕು ವರ್ಷದ ಕೋರ್ಸಿಗೆ ಫೀಸು, ಹಾಸ್ಟೆಲು, ಮೆಸ್ಸು ಎಲ್ಲಾ ಸೇರಿ ಆರು ಲಕ್ಷ ಅಂತ ಇಟ್ಕೊಳ್ಳಿ. ವರ್ಷಕ್ಕೆ ಶೇ. 8 ಏರಿದ್ರೆ 2035ಕ್ಕೆ ಅದು ಹದಿಮೂರು ಲಕ್ಷ. ಆರು ಲಕ್ಷ, ಶೇ. 8, ಎರಡೂ ನನ್ನ ಊಹೆ, ನಿಮ್ಮದು ಬೇರೆ ಇರಬಹುದು. ಆದ್ರೆ ಐದಕ್ಕೂ ಹದಿಮೂರಕ್ಕೂ ಇರೋ ದೂರ ಊಹೆ ಅಲ್ಲ. ಭಾವ ಬೇಗ ಬೇಕಾದ ದುಡ್ಡನ್ನ ಅಪಾಯಕ್ಕೆ ಒಡ್ಡಿದ್ರು, ನಾನು ತಡವಾಗಿ ಬೇಕಾದ ದುಡ್ಡನ್ನ ಅಲುಗಾಡದ ಜಾಗದಲ್ಲಿ ಕೂರಿಸಿದ್ದೆ.

ಆರ್‌ಡಿ ಬಿಟ್ಟು ಪೂರ್ತಿ ಷೇರಿಗೆ ಹೋಗಿದ್ರೆ ಪವಾಡ ಆಗ್ತಿತ್ತಾ? ಆಗ್ತಿರ್ಲಿಲ್ಲ. ಹದಿಮೂರು ಲಕ್ಷಕ್ಕೆ ಆರ್‌ಡಿಯಲ್ಲಿ ತಿಂಗಳಿಗೆ 7,600 ಬೇಕು. ವರ್ಷಕ್ಕೆ ಶೇ. 11 ಬೆಳೆಯುತ್ತೆ ಅಂತ ಇಟ್ಕೊಂಡ್ರೂ ಷೇರು ಫಂಡಿಗೆ 6,000 ಹಾಕ್ಲೇಬೇಕು. ವಿಡಿಯೋಗಳಲ್ಲಿ ಈ ಮಾತು ಹೇಳಲ್ಲ. ಜಾಗ ಬದಲಾಯಿಸಿದ್ರೆ ಸಿಗೋದು ಸಾವಿರದಾರುನೂರು ರೂಪಾಯಿ ಉಳಿತಾಯ, ಮಿಕ್ಕಿದ್ದು ನಮ್ಮ ಜೇಬಿಂದಲೇ ಬರಬೇಕು.

ಅದಕ್ಕೆ ನಾನು ಮಾಡಿದ ವ್ಯವಸ್ಥೆ ಹೀಗಿದೆ. ತಿಂಗಳಿಗೆ 4,500 ಶುರು. ಅದರಲ್ಲಿ 3,000 ನಿಫ್ಟಿ 50 ಇಂಡೆಕ್ಸ್ ಫಂಡಿಗೆ, ಅಂದ್ರೆ ದೇಶದ ಐವತ್ತು ದೊಡ್ಡ ಕಂಪನಿಗಳ ಷೇರನ್ನ ಒಟ್ಟಿಗೆ ಕೊಳ್ಳೋ ಫಂಡು. 1,500 ಆರ್‌ಡಿಗೆ. ಪ್ರತಿ ವರ್ಷ ಇನ್‌ಕ್ರಿಮೆಂಟ್ ಆದ ತಿಂಗಳು ಎರಡನ್ನೂ ಶೇ. 10 ಏರಿಸೋದು, ಆರ್‌ಡಿಯ ಕಂತು ಬದಲಾಗಲ್ಲ, ಅದರ ಏರಿಕೆಗೆ ಹೊಸ ಆರ್‌ಡಿ ತೆರೆಯೋದು. ಒಟ್ಟು ಸರಾಸರಿ ಶೇ. 9 ಸಿಕ್ಕರೆ ಹದಿಮೂರು ಲಕ್ಷದ ಹತ್ತಿರಕ್ಕೆ ಹೋಗುತ್ತೆ. ಹತ್ತನೇ ವರ್ಷಕ್ಕೆ ತಿಂಗಳ ಕಂತು ಹತ್ತು ಸಾವಿರ ದಾಟುತ್ತೆ, ಅದನ್ನ ನೆನೆದ್ರೆ ಈಗಲೇ ಎದೆ ಡವಡವ ಅನ್ನುತ್ತೆ, ಇರ್ಲಿ.

ಇದಕ್ಕಿಂತ ಮುಖ್ಯ ವಿಷಯ ಹೊರಗೆ ತೆಗೆಯೋದು. ಹದಿಮೂರು ಲಕ್ಷ ಒಂದೇ ದಿನ ಬೇಕಾಗಲ್ಲ. 2035ರ ಜೂನ್‌ಗೆ ಒಂದು ಪಾಲು, 2036, 37, 38ಕ್ಕೆ ಒಂದೊಂದು. ಅಂದ್ರೆ ನಾಲ್ಕು ತಾರೀಕು. ನಾನಿಟ್ಕೊಂಡಿರೋ ನಿಯಮ: ಮೂರು ವರ್ಷದೊಳಗೆ ಕಟ್ಟಬೇಕಾದ ಫೀಸು ಷೇರಿನಲ್ಲಿ ಇರಬಾರದು. 2032ರ ಜೂನ್‌ಗೆ ಮೊದಲ ವರ್ಷದ ಪಾಲು ಆರ್‌ಡಿ, ಎಫ್‌ಡಿಯಲ್ಲಿ ಭದ್ರ ಆಗಿರಬೇಕು. 2033ಕ್ಕೆ ಎರಡನೇ ವರ್ಷದ್ದು. ಹಂಗೇ ಮುಂದೆ. ಆ ಹೊತ್ತಿಗೆ ಮಾರುಕಟ್ಟೆ ಜೋರಾಗಿ ಏರ್ತಿದ್ರೂ ತೆಗೆಯೋದೇ. ಎಲ್ರೂ ಸೋಲೋದು ಇಲ್ಲೇ, ಏರೋವಾಗ ಕೈ ಬರಲ್ಲ. ಹೀಗೆ ವರ್ಷವರ್ಷ ತೆಗೆದ್ರೆ ತೆರಿಗೆನೂ ಕಮ್ಮಿ. ಈಗಿನ ನಿಯಮದಲ್ಲಿ ವರ್ಷ ದಾಟಿದ ಷೇರು ಫಂಡಿನ ಲಾಭ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ.

ಮೂರೇ ವರ್ಷ ಯಾಕೆ? 2008ರಲ್ಲಿ ನಿಫ್ಟಿ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಬಿತ್ತು, ಹಳೇ ಎತ್ತರದ ಹತ್ತಿರ ಬಂದಿದ್ದು 2010ರ ಕೊನೆಗೆ. 2020ರಲ್ಲಿ ಕೊರೊನಾ ಬಂದಾಗ ಎರಡು ತಿಂಗಳಲ್ಲಿ ಶೇ. 38 ಬಿದ್ದು ಅದೇ ನವೆಂಬರ್‌ಗೆ ವಾಪಸ್ ಬಂತು. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಎತ್ತರವನ್ನ ಮತ್ತೆ ಮುಟ್ಟಿದ್ದು 2024ರ ಫೆಬ್ರವರಿಯಲ್ಲಿ. ಹಂಗಾಗಿ ಮೂರು ವರ್ಷ ಅನ್ನೋದು ಗ್ಯಾರಂಟಿ ಅಲ್ಲ, ಮೂರನೇ ಒಂದು ಪಾಲು ಆರ್‌ಡಿಯಲ್ಲೇ ಉಳಿಸಿರೋದು ಅದಕ್ಕೇ.

ನಮ್ಮ ಆಫೀಸಿನಲ್ಲೇ ಒಬ್ಬರಿದ್ದಾರೆ, ಒಳ್ಳೇ ಮನುಷ್ಯ, ಅಡಿಕೆ ತೋಟದವರು. ಮಗನ ಕಾಲೇಜಿಗೆ ಒಂದು ವರ್ಷ ಬಾಕಿ ಇದ್ರೂ ಪೂರ್ತಿ ಷೇರಲ್ಲೇ ಇಟ್ಟಿದ್ದಾರೆ. "ಬಿದ್ರೆ ಬೀಳ್ಲಿ, ಒಂದು ಕೊಯ್ಲು ಮಾರಿದ್ರಾಯ್ತು" ಅಂತಾರೆ. ಅವರ ಲೆಕ್ಕ ಅವರಿಗೆ ಸರಿ. ನಮ್ಮ ಕೇರಿಯಲ್ಲಿ ಯಾರ ಹಿಂದೆ ಆ ಕೊಯ್ಲಿದೆ? ನಮ್ಮಪ್ಪನಿಗೆ ಸಿಕ್ಕ ಒಂದೂವರೆ ಎಕರೆ ಗ್ರ್ಯಾಂಟ್ ಜಮೀನಿದೆ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನ ಮಾರೋಹಾಗಿಲ್ಲ. ಮಾರಬಾರದು ಕೂಡ, ಆ ಕಾಯ್ದೆ ಉಳೀಲಿ ಅಂತಾನೇ ನಾವು ಧರಣಿ ಕೂತಿದ್ದು. ಆದ್ರೆ ಜೂನ್ ತಿಂಗಳ ಫೀಸಿಗೆ ಅದು ದುಡ್ಡಲ್ಲ. ಮಗುವಿನ ವಯಸ್ಸು ನೋಡಿ ಇಷ್ಟು ಷೇರು, ಅಷ್ಟು ಎಫ್‌ಡಿ ಅಂತ ಹೇಳೋ ಪಟ್ಟಿಗಳು ಮನೆ ಹಿಂದೆ ತೋಟ ಇದೆಯಾ ಇಲ್ವಾ ಅಂತ ಕೇಳಲ್ಲ. ಬಿದ್ದಾಗ ತುಂಬೋಕೆ ಬೇರೆ ಏನೂ ಇಲ್ಲದವರು ಒಂದು ವರ್ಷ ಮುಂಚೆಯೇ ಹೊರಗೆ ಬರಬೇಕು. ನನ್ನ ಅಭಿಪ್ರಾಯ ಇದು.

ಸ್ಕಾಲರ್‌ಶಿಪ್ ಇದೆಯಲ್ಲ ಅಂತ ಕೇಳ್ತೀರಿ. ಎಸ್‌ಸಿ ಮಕ್ಕಳ ಕೇಂದ್ರದ ಪೋಸ್ಟ್ ಮೆಟ್ರಿಕ್ ಯೋಜನೆಗೆ ಅಪ್ಪ ಅಮ್ಮನ ವಾರ್ಷಿಕ ಆದಾಯ 2.5 ಲಕ್ಷ ಮೀರಬಾರದು. ನನ್ನಂಥ ಗುಮಾಸ್ತನ ಸಂಬಳ ಅದನ್ನ ದಾಟುತ್ತೆ. ಭಾವನ ಆದಾಯ ಆ ಮಿತಿಯೊಳಗಿದೆ, ಆದ್ರೆ ಸ್ಕಾಲರ್‌ಶಿಪ್ ಸಿಕ್ಕರೂ ಮೊದಲು ಕಟ್ಟಬೇಕು, ದುಡ್ಡು ಆಮೇಲೆ ಖಾತೆಗೆ ಬರುತ್ತೆ. ಆ ಮಧ್ಯದ ತಿಂಗಳುಗಳಿಗೆ ಕೈಯಲ್ಲಿ ಹಣ ಇರಲೇಬೇಕು. ಬಾಬಾಸಾಹೇಬರಿಗೇ 1917ರಲ್ಲಿ ಬರೋಡಾ ಸ್ಕಾಲರ್‌ಶಿಪ್ಪಿನ ಅವಧಿ ಮುಗಿದು ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ಬರಬೇಕಾಯ್ತು. ಸಿಡೆನ್‌ಹ್ಯಾಮ್ ಕಾಲೇಜಿನ ಸಂಬಳದಲ್ಲಿ ಉಳಿಸಿ, ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಟೇನಾ ಕೊಟ್ಟ ಐದು ಸಾವಿರ ಸಾಲ ಸೇರಿಸಿ 1920ರಲ್ಲಿ ಮತ್ತೆ ಹೋದ್ರು. ಮೂರು ವರ್ಷ ಹೋಯ್ತು.

ಇನ್ನು ಸುಕನ್ಯಾ ಸಮೃದ್ಧಿ. ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಮಾತ್ರ ತೆರೆಯಬಹುದು, ಈಗ ಬಡ್ಡಿ ಶೇ. 8.2, ತೆರಿಗೆ ಇಲ್ಲ. ಮಗಳ ಹೆಸರಲ್ಲಿ 2018ರಲ್ಲೇ ತೆರೆದಿದ್ದೆ, ತಿಂಗಳಿಗೆ ಸಾವಿರ. ಓದಿಗೆ ಇದೇ ಸಾಕು ಅಂತ ಬಹಳ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಪೋಸ್ಟ್ ಆಫೀಸಿನಲ್ಲಿ ನಿಯಮ ಓದಿಸಿಕೊಂಡಾಗ ಗೊತ್ತಾಯ್ತು: ಹುಡುಗಿಗೆ 18 ಆದಮೇಲೆ ಅಥವಾ ಹತ್ತನೇ ಕ್ಲಾಸ್ ಪಾಸಾದಮೇಲೆ ಉನ್ನತ ಶಿಕ್ಷಣಕ್ಕೆ ತೆಗೆಯೋಕೆ ಬಿಡೋದು ಹಿಂದಿನ ಹಣಕಾಸು ವರ್ಷದ ಕೊನೆಗಿದ್ದ ಬಾಕಿಯ ಅರ್ಧ ಮಾತ್ರ. ಪೂರ್ತಿ ಬೇಕಂದ್ರೆ ಖಾತೆ ತೆರೆದು 21 ವರ್ಷ ಆಗಬೇಕು, ನನ್ನ ಮಗಳಿಗೆ 2039ಕ್ಕೆ. ಆದ್ರೆ 18 ಆದಮೇಲೆ ಮದುವೆ ಅಂದ್ರೆ ಖಾತೆ ಮುಚ್ಚಿ ಪೂರ್ತಿ ತಗೋಬಹುದು! ಓದಿಗೆ ಅರ್ಧ, ಮದುವೆಗೆ ಪೂರ್ತಿ. ಇದನ್ನ ಬರೆದವರ ತಲೆಯಲ್ಲಿ ಹೆಣ್ಣುಮಕ್ಕಳ ಬಗ್ಗೆ ಏನಿತ್ತು ಅಂತ ನೀವೇ ಯೋಚನೆ ಮಾಡಿ. ನಾನು ಅದನ್ನ ಹದಿಮೂರು ಲಕ್ಷದ ಲೆಕ್ಕದಿಂದ ಹೊರಗಿಟ್ಟೆ. 2038ಕ್ಕೆ ಡಿಗ್ರಿ ಕೊನೇ ವರ್ಷದ ಫೀಸು, 2039ಕ್ಕೆ ಈ ದುಡ್ಡು. ಎಂಎ ಮಾಡಲಿ, ಎಂಎಸ್ಸಿ ಮಾಡಲಿ, ಅದರ ತಾರೀಕಿಗೆ ಸರಿಯಾಗಿ ಬರುತ್ತೆ.

ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಈ ಸಲ ಭಾವನೇ ಮೊದಲು ಕೇಳಿದ್ರು, "ಎರಡನೇ ವರ್ಷದ ಫೀಸು ಜೂನ್‌ಗೆ ಬೇಕು, ಮೆಕ್ಕೆಜೋಳದ ದುಡ್ಡು ಅರವತ್ತು ಸಾವಿರ ಬಂದಿದೆ, ಎಲ್ಲಿಡಲಿ?" ಮಾರನೇ ದಿನ ಇಬ್ರೂ ಆನವಟ್ಟಿಗೆ ಹೋಗಿ ಬ್ಯಾಂಕಲ್ಲಿ ಎಫ್‌ಡಿ ಮಾಡಿಸಿದ್ವಿ. ಒಂದು ವರ್ಷಕ್ಕೆ ಇಟ್ರೆ ಬಡ್ಡಿ ಸ್ವಲ್ಪ ಜಾಸ್ತಿ ಸಿಗುತ್ತೆ ಅಂದ್ರು ಕೌಂಟರಿನವರು. ಭಾವ ಬೇಡ ಅಂದ್ರು. ಮೇ 20ಕ್ಕೆ ಮುಗಿಯೋ ಹಾಗೆ ದಿನ ಎಣಿಸಿ ಬರೆಸಿದ್ರು. ಸರ ಮಾತ್ರ ಇನ್ನೂ ಬಿಡಿಸಿಲ್ಲ.