ಜೀರಿಗೆ ಸೋಡಾಕ್ಕೆ ವಯಸ್ಸಾಯ್ತಾ?

ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಪ್ರಾಡಕ್ಟ್ ಲೈಫ್ ಸೈಕಲ್ ಅನ್ನೋ ಚಿತ್ರ ಎಲ್ಲರೂ ನೋಡಿರ್ತೀರಿ. ಹುಟ್ಟು, ಬೆಳವಣಿಗೆ, ಪಕ್ವತೆ, ಇಳಿತ ಅಂತ ನಾಲ್ಕು ಭಾಗ, ಮೇಲೊಂದು ಗುಡ್ಡದಂಥ ಗೆರೆ. ಪರೀಕ್ಷೆಯಲ್ಲಿ ಅದನ್ನ ಬರೆದು ಹತ್ತು ಮಾರ್ಕ್ಸ್ ತಗೊಳ್ಳೋದು ಸುಲಭ. ಆದರೆ ಒಂದು ಕಂಪನಿಯ ಮಾರಾಟದ ಲೆಡ್ಜರ್ ಕೈಗೆ ಕೊಟ್ಟು "ಇದು ಯಾವ ಹಂತದಲ್ಲಿದೆ ಹೇಳ್ರಪ್ಪ" ಅಂದ್ರೆ ಆ ಚಿತ್ರ ಏನೂ ಹೇಳಲ್ಲ. ಗುಡ್ಡದ ತುದಿ ಎಲ್ಲಿತ್ತು ಅಂತ ಗೊತ್ತಾಗೋದು ಇಳಿದು ಎಷ್ಟೋ ದೂರ ಬಂದಮೇಲೆ.

ನಮ್ಮ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಪ್ರಾಜೆಕ್ಟಿಗೆ ಸಿಕ್ಕಿದ್ದು ನಮ್ಮ ಜಿಲ್ಲೆಯದೇ ಒಂದು ಜೀರಿಗೆ ಮಸಾಲಾ ಸೋಡಾ ಕಂಪನಿ. ಹೆಸರು ಬೇಡ ಅಂದಿದ್ದಾರೆ. ಅಂಕಿಗಳನ್ನೂ ದುಂಡು ಮಾಡಿ ಸ್ವಲ್ಪ ಬದಲಿಸಿದ್ದೇನೆ, ಅನುಪಾತ ಮಾತ್ರ ಹೆಚ್ಚು ಕಡಿಮೆ ಹಾಗೇ ಇದೆ. 250 ಎಂಎಲ್ ಬಾಟಲಿ, ಎಂಆರ್‌ಪಿ 15 ರೂಪಾಯಿ, 24 ಬಾಟಲಿಗೆ ಒಂದು ಕೇಸ್. ಮೂರು ವರ್ಷದ ತಿಂಗಳ ಸರಾಸರಿ ಮಾರಾಟ 2,400 ಕೇಸ್, 2,600 ಕೇಸ್, 2,640 ಕೇಸ್. ಯಜಮಾನರು ಎರಡೇ ದಾರಿ ಇಟ್ಟುಕೊಂಡು ಕೂತಿದ್ದರು. "ಬೆಳವಣಿಗೆ ನಿಂತಿದೆ. ರೇಟು 12ಕ್ಕೆ ಇಳಿಸಲಾ, ಇಲ್ಲಾ ಅಂಗಡಿಯವರಿಗೆ ಹತ್ತು ಕೇಸಿಗೆ ಒಂದು ಫ್ರೀ ಸ್ಕೀಮ್ ಮುಂದುವರಿಸಲಾ, ಅಷ್ಟು ಹೇಳಿ ಸಾಕು."

8 ಪರ್ಸೆಂಟ್ ಬೆಳೆದದ್ದು ಮರುವರ್ಷ ಒಂದೂವರೆ ಪರ್ಸೆಂಟಿಗೆ ಬಂದಿದೆ. ಪುಸ್ತಕದ ಪ್ರಕಾರ ಇದು ಅಚ್ಚುಕಟ್ಟಾದ ಪಕ್ವತೆ. ಆದರೆ ಈ ಅಂಕಿಗಳು ಯಾರು ಯಾರಿಗೆ ಮಾರಿದ್ದು ಅಂತ ಮೊದಲು ಕೇಳಬೇಕು. ಫ್ಯಾಕ್ಟರಿಯಿಂದ ಡಿಸ್ಟ್ರಿಬ್ಯೂಟರ್ ಗೋಡೌನಿಗೆ ಹೋದದ್ದು ಪ್ರೈಮರಿ ಸೇಲ್. ಡಿಸ್ಟ್ರಿಬ್ಯೂಟರ್‌ನಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ಅಂಗಡಿಯಿಂದ ಗಿರಾಕಿಯ ಕೈಗೆ ಹೋದದ್ದು ಅಸಲಿ ಮಾರಾಟ, ಅದನ್ನ ಯಾರೂ ಬರೆದಿಡಲ್ಲ. ಕಂಪನಿಯ ಟ್ಯಾಲಿಯಲ್ಲಿ ಇರೋದು ಪ್ರೈಮರಿ ಮಾತ್ರ. ಮಾರ್ಚ್ ಕೊನೆಯಲ್ಲಿ ಟಾರ್ಗೆಟ್ ಮುಟ್ಟಿಸೋಕೆ ಗೋಡೌನ್ ತುಂಬಿಸಿದ್ರೂ ಅದು ಮಾರಾಟವೇ. ಹಾಗಾಗಿ ನಾವು ಡಿಸ್ಟ್ರಿಬ್ಯೂಟರುಗಳ ಬಿಲ್ ಬುಕ್ ಹಿಡಿದು ಕೂತೆವು. ಮೇಲಿನ ಅಂಕಿಗಳು ಆ ಸೆಕೆಂಡರಿಯವೇ.

ಇನ್ನೊಂದು ಮಾತು ಬೇಗ ಹೇಳಿ ಮುಗಿಸ್ತೀನಿ. ತಂಪು ಪಾನೀಯದ ಮಾರಾಟವನ್ನ ಹಿಂದಿನ ತಿಂಗಳ ಜೊತೆ ಹೋಲಿಸಬಾರದು. ಏಪ್ರಿಲ್ ಆದಮೇಲೆ ಜೂನ್ ಬಂದ್ರೆ ಎಲ್ಲ ಬ್ರ್ಯಾಂಡೂ ಸಾಯ್ತಿರೋ ಹಾಗೇ ಕಾಣ್ತದೆ. ಹಿಂದಿನ ಹನ್ನೆರಡು ತಿಂಗಳ ಮೊತ್ತವನ್ನ ಪ್ರತಿ ತಿಂಗಳೂ ಒಂದೊಂದು ಹೆಜ್ಜೆ ಮುಂದೆ ಸರಿಸುತ್ತಾ ಹೋದರೆ ಬೇಸಿಗೆಯ ಏರಿಳಿತ ತಾನೇ ಅಳಿಸಿಹೋಗ್ತದೆ. ಮಳೆ ಬೇಗ ಬಂದ ವರ್ಷವಿದ್ದರೆ ಅದನ್ನ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು, ಅಷ್ಟೆ.

ಅಸಲಿ ಪತ್ತೇದಾರಿಕೆ ಶುರುವಾಗೋದು ಒಟ್ಟು ಮಾರಾಟವನ್ನ ಎರಡು ತುಂಡು ಮಾಡಿದಾಗ: ಎಷ್ಟು ಅಂಗಡಿ, ಒಂದೊಂದು ಅಂಗಡಿಯಲ್ಲಿ ಎಷ್ಟು ಕೇಸ್. ಮೊದಲ ವರ್ಷ 800 ಅಂಗಡಿ, ತಿಂಗಳಿಗೆ ತಲಾ 3 ಕೇಸ್. ಎರಡನೇ ವರ್ಷ 1,000 ಅಂಗಡಿ, ತಲಾ 2.6. ಮೂರನೇ ವರ್ಷ 1,200 ಅಂಗಡಿ, ತಲಾ 2.2. ಅಂದರೆ ಬೆಳವಣಿಗೆ ಅಂತ ಯಜಮಾನರು ನೋಡ್ತಿದ್ದದ್ದು ಗಿರಾಕಿಯ ಬಾಯಾರಿಕೆಯಲ್ಲ, ಸೇಲ್ಸ್ ಹುಡುಗರ ಬೈಕಿನ ಪೆಟ್ರೋಲು.

ಇಲ್ಲಿ "ಹೊಸ ಅಂಗಡಿಗಳು ಚಿಕ್ಕವು, ಅದಕ್ಕೇ ಸರಾಸರಿ ಕೆಳಗೆ ಬಂದಿದೆ" ಅನ್ನೋ ವಾದ ಬರ್ತದೆ. ನ್ಯಾಯವಾದ ವಾದವೇ. ಹಾಗಾಗಿ ಮೊದಲ ವರ್ಷ ಇದ್ದ ಅದೇ 800 ಅಂಗಡಿಗಳನ್ನ ಮಾತ್ರ ಹೆಕ್ಕಿ ತೆಗೆದೆವು. 2,400 ಇದ್ದದ್ದು 2,160 ಆಗಿ, ಆಮೇಲೆ 1,920ಕ್ಕೆ ಬಂದಿತ್ತು. ಎರಡು ವರ್ಷದಲ್ಲಿ ಐದನೇ ಒಂದು ಭಾಗ ಮಾಯ. ಹೊರಗಿಂದ ಸಪಾಟಾಗಿ ಕಂಡ ಗೆರೆಯ ಒಳಗೆ ಇಳಿಜಾರು ಇತ್ತು.

ಹಾಗಾದ್ರೆ ಇದು ಇಳಿತದ ಹಂತವಾ? ಇಲ್ಲಿ ನಿಲ್ಲಿಸಿ ಬಿಡೋದು ಸುಲಭ, ಅಪಾಯ ಕೂಡ. 1976ರಲ್ಲಿ ಧಲ್ಲಾ ಮತ್ತು ಯುಸ್ಪೆ ಅನ್ನೋ ಇಬ್ಬರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಲೈಫ್ ಸೈಕಲ್ ಕಲ್ಪನೆಯನ್ನೇ ಮರೆತುಬಿಡಿ ಅಂತ ಬರೆದರು. ಅವರ ತಕರಾರಿನ ತಿರುಳು ನನಗೆ ಒಪ್ಪಿಗೆ: ಬ್ರ್ಯಾಂಡಿಗೆ ವಯಸ್ಸಾಯ್ತು ಅಂತ ಮ್ಯಾನೇಜರ್ ನಂಬಿದ ದಿನವೇ ಅದರ ಪ್ರಚಾರದ ದುಡ್ಡು ಕಟ್ ಮಾಡ್ತಾನೆ, ಆಮೇಲೆ ಅದು ನಿಜಕ್ಕೂ ಕುಸಿಯುತ್ತದೆ, "ನೋಡಿ ನಾನು ಹೇಳಿರಲಿಲ್ವಾ" ಅಂತಾನೆ. ಮಾರಾಟ ಬಿದ್ದದ್ದಕ್ಕೆಲ್ಲ ವಯಸ್ಸೇ ಕಾರಣ ಅಲ್ಲ. 2003ರ ಆಗಸ್ಟಿನಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ಕೋಲಾಗಳಲ್ಲಿ ಕೀಟನಾಶಕದ ಅಂಶ ಇದೆ ಅಂದಾಗ ಕೋಲಾ ಮಾರಾಟಕ್ಕೆ ದೊಡ್ಡ ಪೆಟ್ಟು ಬಿತ್ತು. ಅದು ಏಟು, ಮುಪ್ಪಲ್ಲ.

ವಯಸ್ಸಿನಿಂದ ಬಂದ ಇಳಿತವಾದರೆ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಥರ ಇಳಿಯಬೇಕು. ಯಾರೋ ಬಂದು ಕಿತ್ಕೊಂಡದ್ದಾದರೆ ಅವರು ಬಂದ ಕಡೆ ಮಾತ್ರ ಇಳಿದಿರಬೇಕು. ಇದನ್ನ ಪರೀಕ್ಷೆ ಮಾಡೋಕೆ ಅಂಗಡಿಗಳಿಗೆ ಹೋಗಲೇಬೇಕಾಯ್ತು, ಎಕ್ಸೆಲ್‌ನಲ್ಲಿ ಆಗೋ ಕೆಲಸವಲ್ಲ. ರೂಟ್ ಹುಡುಗರ ಜೊತೆ ಅಲೆದು, 800ರಲ್ಲಿ ಯಾವ್ಯಾವುದರಲ್ಲಿ 10 ರೂಪಾಯಿಯ ಕೋಲಾ ಕಂಪನಿಯವರು ತಮ್ಮದೇ ಫ್ರಿಜ್ ಇಟ್ಟಿದ್ದಾರೆ ಅಂತ ಗುರುತು ಮಾಡಿಕೊಂಡೆವು. ಅಂಥವು 300. ಈ 300ರಲ್ಲಿ ತಿಂಗಳಿಗೆ 900 ಕೇಸ್ ಇದ್ದದ್ದು 510 ಆಗಿತ್ತು. ಮಿಕ್ಕ 500ರಲ್ಲಿ 1,500 ಇದ್ದದ್ದು 1,410. ಒಂದು ಕಡೆ 43 ಪರ್ಸೆಂಟ್ ಕುಸಿತ, ಇನ್ನೊಂದು ಕಡೆ ಎರಡು ವರ್ಷದಲ್ಲಿ ಬರೀ 6.

ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ಅಕ್ಕನ ಹತ್ರ ಕೇಳಿದೆವು. "ನಿಮ್ ಜೀರಾ ಕೆಟ್ಟದ್ದು ಅಂತ ಯಾರೂ ಹೇಳಲ್ಲ ಕಣಪ್ಪ. ಕೇಳ್ತಾರೆ. ಆದ್ರೆ ಅದು ಬಿಸಿ ಇರ್ತದೆ, ಫ್ರಿಜ್ ಅವರದ್ದು, ನಿಮ್ದು ಇಡಂಗಿಲ್ಲ. ಸ್ಕೂಲ್ ಮಕ್ಕಳ ಹತ್ರ ಹತ್ತರ ನೋಟಿರ್ತದೆ, ಹದಿನೈದು ಎಲ್ಲಿಂದ ತರ್ತಾವೆ?"

ಎರಡು ವಾಕ್ಯದಲ್ಲಿ ರೋಗ ಬೇರೆ ಬೇರೆಯಾಗಿ ಬಿಡಿಸಿಟ್ಟ ಹಾಗಾಯ್ತು. 500 ಅಂಗಡಿಗಳಲ್ಲಿ ಬ್ರ್ಯಾಂಡ್ ನಿಜಕ್ಕೂ ಪಕ್ವ, ಹೊಸ ಗಿರಾಕಿ ಇಲ್ಲ, ಹಳಬರು ಬಿಟ್ಟಿಲ್ಲ. 300ರಲ್ಲಿ ಅದು ಇಳಿತವಲ್ಲ, ಬೆಲೆ ಮತ್ತು ಫ್ರಿಜ್ಜಿನ ಮೇಲೆ ನಡೆದ ದಾಳಿ. ಇದು ಈಗ ಎಲ್ಲ ಕಡೆ ನಡೀತಿರೋ ಕಥೆಯೇ. 2023ರಲ್ಲಿ ರಿಲಯನ್ಸ್ ಹಳೇ ಕ್ಯಾಂಪಾ ಕೋಲಾವನ್ನ ಮತ್ತೆ ತಂದು 200 ಎಂಎಲ್‌ಗೆ 10 ರೂಪಾಯಿ ಇಟ್ಟಮೇಲೆ, ಹತ್ತರ ನೋಟು ಇಡೀ ವ್ಯಾಪಾರದ ಅಳತೆಗೋಲಾಗಿದೆ.

ಈಗ ಯಜಮಾನರ ಮೊದಲ ಪ್ರಶ್ನೆ, 12ಕ್ಕೆ ಇಳಿಸೋದು. 15 ರೂಪಾಯಿ ಎಂಆರ್‌ಪಿಯಲ್ಲಿ 40 ಪರ್ಸೆಂಟ್ ತೆರಿಗೆ ತೆಗೆದರೆ ಉಳಿಯೋದು 10.71. ಅಂಗಡಿ, ಡಿಸ್ಟ್ರಿಬ್ಯೂಟರ್ ಮಾರ್ಜಿನ್ ಕಳೆದು ಕಂಪನಿಗೆ ಬರೋದು ಸುಮಾರು 8 ರೂಪಾಯಿ. ಬಾಟಲಿ, ಮುಚ್ಚಳ, ಲೇಬಲ್, ಸಕ್ಕರೆ, ಗ್ಯಾಸು, ಸಾಗಾಣಿಕೆ ಸೇರಿ ಖರ್ಚು 5.50. ಒಂದು ಬಾಟಲಿಗೆ ಉಳಿತಾಯ 2.50. ಎಂಆರ್‌ಪಿ 12 ಮಾಡಿದರೆ ಕಂಪನಿಗೆ ಬರೋದು 6.40, ಖರ್ಚು ಅಷ್ಟೇ, ಉಳಿಯೋದು 90 ಪೈಸೆ. ಮೊದಲಿನಷ್ಟೇ ದುಡ್ಡು ಉಳಿಯಬೇಕಾದರೆ ಎರಡು ಮುಕ್ಕಾಲು ಪಟ್ಟಿಗಿಂತ ಹೆಚ್ಚು ಬಾಟಲಿ ಮಾರಬೇಕು. ಪಕ್ವವಾದ ಬ್ರ್ಯಾಂಡಿನಲ್ಲಿ ಅದು ಆಗದ ಮಾತು. ಅದೂ ಅಲ್ಲದೆ 15 ಕೊಟ್ಟು ಖುಷಿಯಾಗಿ ಕುಡಿಯೋ 500 ಅಂಗಡಿಗಳ ಗಿರಾಕಿಗೂ ಸುಮ್ಮನೆ 3 ರೂಪಾಯಿ ಬಿಟ್ಟುಕೊಟ್ಟ ಹಾಗೆ. ಹತ್ತರ ನೋಟಿನ ಹುಡುಗನಿಗೆ 12 ಕೂಡ ದುಬಾರಿಯೇ!

ನಾವು ಹೇಳಿದ್ದು 160 ಎಂಎಲ್‌ನ ಚಿಕ್ಕ ಬಾಟಲಿ, 10 ರೂಪಾಯಿಗೆ, ಆ 300 ಅಂಗಡಿಗಳಿಗೆ ಮಾತ್ರ. ಕಂಪನಿಗೆ ಬರೋದು 5.33, ಖರ್ಚು 3.90, ಉಳಿಯೋದು 1.43. ದೊಡ್ಡ ಬಾಟಲಿ ಬಿಟ್ಟು ಚಿಕ್ಕದಕ್ಕೆ ಬರೋ ಪ್ರತಿ ಗಿರಾಕಿಯಿಂದ 1.07 ನಷ್ಟ. ಅಂದರೆ ನಾಲ್ಕು ಜನ ಹಾಗೆ ಸರಿದರೆ, ಕನಿಷ್ಠ ಮೂರು ಜನ ಹೊಸಬರು ಬರಬೇಕು, ಆಗ ಲೆಕ್ಕ ಸಮ. ಈ ಬಾಟಲಿ ಚೆನ್ನಾಗಿ ಹೋಗ್ತಿರೋ 500 ಅಂಗಡಿಗಳಿಗೆ ನುಸುಳಿದರೆ ಅಲ್ಲಿ ಹೊಸಬರು ಸಿಗಲ್ಲ, ಸರಿಯೋರು ಮಾತ್ರ ಸಿಗ್ತಾರೆ. ಡಿಸ್ಟ್ರಿಬ್ಯೂಟರ್ ಸುಮ್ಮನೆ ಇರಲ್ಲ ಅನ್ನೋದು ಇದರ ದೊಡ್ಡ ತೊಡಕು.

2003ರ ಹೊತ್ತಿಗೆ ಕೋಕಾ ಕೋಲಾ 200 ಎಂಎಲ್ ಅನ್ನು 5 ರೂಪಾಯಿಗೆ ಕೊಟ್ಟದ್ದು ನಮ್ಮ ಅಪ್ಪ ಅಮ್ಮಂದಿರಿಗೆ ನೆನಪಿರ್ತದೆ. ಯಜಮಾನರೂ ಅದನ್ನೇ ಎತ್ತಿದರು. ಆದರೆ ಅದು ವಾಪಸ್ ಬರೋ ಗಾಜಿನ ಬಾಟಲಿ, ತೊಳೆದು ಮತ್ತೆ ಮತ್ತೆ ತುಂಬಿಸಬಹುದಿತ್ತು. ಪೆಟ್ ಬಾಟಲಿಯ ಖರ್ಚು ಪ್ರತಿ ಸಲ ಹೊಸದು, ಒಳಗಿನ ನೀರು ಕಡಿಮೆ ಮಾಡಿದ ಪ್ರಮಾಣದಲ್ಲಿ ಅದು ಕಡಿಮೆಯಾಗಲ್ಲ. ನಮ್ಮ ಲೆಕ್ಕದಲ್ಲಿ 250ರ ಬಾಟಲಿ, ಮುಚ್ಚಳ, ಲೇಬಲ್ಲಿಗೆ 2.20, 160ರದ್ದಕ್ಕೆ 1.80.

ಇನ್ನು ಹತ್ತಕ್ಕೆ ಒಂದು ಫ್ರೀ. ಹನ್ನೊಂದು ಕೊಟ್ಟು ಹತ್ತರ ದುಡ್ಡು ತಗೊಂಡರೆ ಬಾಟಲಿಗೆ ಉಳಿಯೋದು 2.50 ಅಲ್ಲ, 1.77. ಶೇಕಡಾ 9ರ ರಿಯಾಯಿತಿ ಥರ ಕಾಣ್ತದೆ, ಉಳಿತಾಯದಲ್ಲಿ 29 ಪರ್ಸೆಂಟ್ ಹೋಗಿರ್ತದೆ. ಸ್ಕೀಮ್ ಇದ್ದ ತಿಂಗಳು ಮಾರಾಟ ಜಿಗೀತದೆ, ಮುಂದಿನ ತಿಂಗಳು ಅಷ್ಟೇ ಬೀಳ್ತದೆ, ಯಾಕಂದ್ರೆ ಸರಕು ಅಂಗಡಿಯ ಅಟ್ಟದಲ್ಲಿ ಕೂತಿರ್ತದೆ. ಇಲ್ಲಿ ನಮ್ಮ ಕೆಮಿಕಲ್ ಬ್ರ್ಯಾಂಚ್ ಗೆಳೆಯ ಒಂದು ಮಾತು ಸೇರಿಸಿದ. ಪೆಟ್ ಪ್ಲಾಸ್ಟಿಕ್ ಮೂಲಕ ಗ್ಯಾಸ್ ನಿಧಾನವಾಗಿ ಸೋರ್ತಾನೇ ಇರ್ತದೆ. ಬಾಟಲಿ ಚಿಕ್ಕದಾದಷ್ಟೂ ಒಳಗಿನ ದ್ರವಕ್ಕೆ ಹೋಲಿಸಿದರೆ ಗೋಡೆಯ ವಿಸ್ತೀರ್ಣ ಜಾಸ್ತಿ, ಹಾಗಾಗಿ ಬೇಗ ಸಪ್ಪೆಯಾಗ್ತದೆ. ಬಿಸಿಲು ಬೀಳೋ ಅಟ್ಟದಲ್ಲಿಟ್ಟರೆ ಇನ್ನೂ ಬೇಗ. ಅಂದರೆ ಸ್ಕೀಮಿನಲ್ಲಿ ತುಂಬಿಸಿದ ಸರಕೇ ಗಿರಾಕಿಯ ಕೈಗೆ ಸಪ್ಪೆ ಸೋಡಾ ಆಗಿ ಬರ್ತದೆ, ಅವನು ಎರಡನೇ ಸಲ ಕೇಳಲ್ಲ. ಚಿಕ್ಕ ಬಾಟಲಿ ತರೋದಾದರೆ ಸ್ಕೀಮ್ ನಿಲ್ಲಿಸಲೇಬೇಕು, ಎರಡೂ ಒಟ್ಟಿಗೆ ನಡೆಯಲ್ಲ.

ಸ್ಕೀಮಿನಿಂದ ಉಳಿದ ದುಡ್ಡನ್ನ ಐಸ್ ಬಾಕ್ಸಿಗೆ ಹಾಕಿ ಅಂದೆವು. ಬೇರೆಯವರ ಫ್ರಿಜ್ ಇರೋ ಅಂಗಡಿಗೆ ನಮ್ಮದೊಂದು ಫ್ರಿಜ್ ಕೊಟ್ಟರೆ ಜಾಗ, ಕರೆಂಟ್ ಬಿಲ್ ಎರಡಕ್ಕೂ ಜಗಳ. ಥರ್ಮೋಕೋಲ್ ಒಳಪದರ ಇರೋ ಡಬ್ಬಿ ಕೌಂಟರ್ ಮುಂದೆ ಕೂರ್ತದೆ.

ಯಜಮಾನರು ಪೂರ್ತಿ ಒಪ್ಪಲಿಲ್ಲ. ಸ್ಕೀಮ್ ನಿಲ್ಲಿಸಿದರೆ ಡಿಸ್ಟ್ರಿಬ್ಯೂಟರುಗಳು ಬೇರೆ ಲೈನ್ ಹಿಡೀತಾರೆ ಅಂತ ಭಯ, ಅದು ಸುಳ್ಳು ಭಯವೂ ಅಲ್ಲ. ಕೊನೆಗೆ ಒಂದೇ ತಾಲೂಕಿನ 60 ಅಂಗಡಿಗಳಲ್ಲಿ ಚಿಕ್ಕ ಬಾಟಲಿ ಮತ್ತು ಡಬ್ಬಿ, ಪಕ್ಕದ ತಾಲೂಕಿನ ಅಂಥದೇ 60ರಲ್ಲಿ ಏನೂ ಬದಲಾವಣೆ ಇಲ್ಲ ಅಂತ ತೀರ್ಮಾನವಾಯ್ತು. ಫೆಬ್ರವರಿಯಿಂದ ಮೇ ತನಕ ಎರಡೂ ಕಡೆ ವಾರಕ್ಕೊಮ್ಮೆ ರೂಟ್ ಹುಡುಗ ಅಂಗಡಿಯಲ್ಲಿ ಉಳಿದ ಬಾಟಲಿಗಳನ್ನ ಎಣಿಸಿ ಬರೀತಾನೆ, ಬಿಲ್ಲು ಬೇಡ, ಉಳಿದದ್ದು ಬೇಕು. ದೊಡ್ಡ ಬಾಟಲಿಯಿಂದ ಸರಿದವರು ನಾಲ್ಕಾದರೆ ಹೊಸಬರು ಮೂರು ದಾಟಿದ್ದಾರಾ ಅಂತ ಆ ನೋಟ್‌ಬುಕ್ಕಿನಲ್ಲಿ ನೋಡಬೇಕು.