ಮಾತ್ರೆ ನಿಂತ ತಿಂಗಳು

2022ರ ಫೆಬ್ರುವರಿ, ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗ. ಬೆಳಗಿನ ಗದ್ದಲ ಇಳಿದಿದೆ. ಮಲಪ್ರಭಾ ದಂಡೆಯ ಊರಿನಿಂದ ಬಂದ, ಅರವತ್ತರ ಆಸುಪಾಸಿನ ಅವ್ವ ಬಟ್ಟೆ ಅಂಗಡಿಯ ಕೈಚೀಲವನ್ನು ನನ್ನ ಮೇಜಿನ ಮೇಲೆ ಸುರಿಯುತ್ತಾರೆ. ಚೀಟಿಗಳು, ಎಕ್ಸ್‌ರೇ ಲಕೋಟೆ, ಔಷಧಿ ಅಂಗಡಿಯ ಬಿಲ್ಲುಗಳು, ಖಾಲಿ ಮಾತ್ರೆ ಪಟ್ಟಿಗಳು.

“ಕೆಮ್ಮು ಬಿಡವಲ್ದು ನೋಡ್ರಿ ಸಾಹೇಬ್ರ. ಹೊಳಿ ಬಂದು ಮನಿ ಬಿತ್ತು, ಶೆಡ್ಡಿನ್ಯಾಗ ತಂಪಿನಾಗ ಮಕ್ಕೊಂಡ್ವಿ. ಅವತ್ತಿಂದ ಹತ್ತೇತಿ.”

ಅವರು ಹೇಳುತ್ತಾ ಹೋಗುತ್ತಾರೆ, ನಾನು ತಡೆಯುವುದಿಲ್ಲ. ಮಗಳ ಬಾಣಂತನ, ಬಿದ್ದ ಗೋಡೆ, ಒಬ್ಬ ಡಾಕ್ಟರರು ಕೊಟ್ಟ ಸೇದುವ ಔಷಧಿ, ಇನ್ನೊಬ್ಬರು ಮಾಡಿಸಿದ ಕಫ ಪರೀಕ್ಷೆ. ಮಾತು ಮುಗಿದ ಮೇಲೆ ಹಾಳೆಯೊಂದರಲ್ಲಿ ಐದು ಕಾಲಂ ಗೆರೆ ಎಳೆಯುತ್ತೇನೆ: ಶುರು, ಕೊನೆ, ತೊಂದರೆ ಅಥವಾ ಔಷಧಿ, ಏನಾಯಿತು, ಆಧಾರ. “ತಂಪಿನಿಂದ” ಎಂಬ ಮಾತಿಗೆ ಇಲ್ಲಿ ಕಾಲಂ ಇಲ್ಲ. ಬೇಕೆಂದೇ ಇಟ್ಟಿಲ್ಲ. ಕಾರಣವನ್ನು ಮೊದಲೇ ಬರೆದುಬಿಟ್ಟರೆ ತಾರೀಖುಗಳು ಅದರ ಹಿಂದೆ ಸಾಲುಗಟ್ಟಿಬಿಡುತ್ತವೆ.

ಮೊದಲು ಕಾಗದಗಳು. ರಕ್ತದೊತ್ತಡಕ್ಕೆ ಬರೆದ ಚೀಟಿಯಲ್ಲಿ ಜುಲೈ 2019 ಎಂದಿದೆ: ಎನಲಾಪ್ರಿಲ್ 5 ಮಿ.ಗ್ರಾಂ. ಒಂದು ಬಿಲ್ಲಿನ ಅಕ್ಷರ ಮಾಸಿ ಬಿಳಿಯಾಗಿದೆ, ಅದನ್ನು ಬದಿಗಿಡುತ್ತೇನೆ. ಖಾಲಿ ಪಟ್ಟಿಯ ಮೇಲಿನ ತಯಾರಿಕೆಯ ತಿಂಗಳು ಮಾತ್ರೆ ನುಂಗಿದ ದಿನವನ್ನು ಹೇಳುವುದಿಲ್ಲ. ಅದಕ್ಕಿಂತ ಮುಂಚೆ ನುಂಗಿರಲಾರರು ಎಂದಷ್ಟೇ ಹೇಳುತ್ತದೆ. ಬೇರೆ ಬೇರೆ ಕಂಪನಿಯ ಎರಡು ಪಟ್ಟಿಗಳಿವೆ. ಹೆಸರು ಬೇರೆಯಾದರೂ ಕೆಳಗಿನ ಸಣ್ಣ ಅಕ್ಷರ ಓದಿದರೆ ಎರಡೂ ಎನಲಾಪ್ರಿಲ್. ಹಾಳೆಯ ಮೇಲೆ ಒಳಗಿನ ಔಷಧಿಯ ಹೆಸರನ್ನೇ ಬರೆಯುತ್ತೇನೆ.

ಕಾಗದವಿಲ್ಲದ ಕಡೆ ನೆನಪು. ವರ್ಷ ಕೇಳಿದರೆ ತಡವರಿಸುತ್ತಾರೆ, ಹಬ್ಬ ಕೇಳಿದರೆ ಇಲ್ಲ.

“ಅವ್ವಾ, ಹೊಳಿ ಬಂದ ದಿನಾನ ಕೆಮ್ಮು ಬಂತೇನ್ರಿ?”

“ಅವತ್ತ ಅಲ್ರಿ... ಗಣಪ್ಪ ಕುಂದರೂ ಹೊತ್ತಿಗೆ.”

ಪ್ರವಾಹ ಆಗಸ್ಟ್ 2019ರಲ್ಲಿ, ಆ ವರ್ಷದ ಗಣೇಶ ಚೌತಿ ಸೆಪ್ಟೆಂಬರ್ 2ಕ್ಕೆ. “ಸೆಪ್ಟೆಂಬರ್ ಆರಂಭ, ನೆನಪು” ಎಂದು ಬರೆಯುತ್ತೇನೆ. ನಿಖರ ದಿನ ಹಾಕಿದರೆ ಮುಂದೆ ಓದುವವರು ಅದನ್ನು ಚೀಟಿಯಿಂದ ಬಂದದ್ದೆಂದು ನಂಬುತ್ತಾರೆ. ಸೇದುವ ಔಷಧಿ ಬರೆಸಿದ ಅಸ್ತಮಾ ವಿಷಯದಲ್ಲೂ ಅಷ್ಟೇ ಎಚ್ಚರ. ಯಾವ ಕಾಗದದಲ್ಲೂ ಅದು ಖಚಿತವಾಗಿಲ್ಲ, ಆದ್ದರಿಂದ “ಶಂಕೆ” ಎಂದು ಸೇರಿಸುತ್ತೇನೆ.

| ಶುರು | ಕೊನೆ | ತೊಂದರೆ / ಔಷಧಿ | ಏನಾಯಿತು | ಆಧಾರ |
|---|---|---|---|---|
| ಜುಲೈ 2019 | — | ಎನಲಾಪ್ರಿಲ್ | ಬಿ.ಪಿ. ಇಳಿಯಿತು | ಚೀಟಿ |
| ಸೆಪ್ಟೆಂಬರ್ 2019 | — | ಒಣ ಕೆಮ್ಮು | — | ನೆನಪು |
| ನವೆಂಬರ್ 2019 | ಜನವರಿ 2020 | ಇನ್‌ಹೇಲರ್ (ಅಸ್ತಮಾ ಶಂಕೆ) | ಗುಣವಿಲ್ಲ | ಚೀಟಿ |
| ಜನವರಿ 2020 | ಜನವರಿ 2020 | ಎಕ್ಸ್‌ರೇ, ಕಫ ಪರೀಕ್ಷೆ | ಟಿ.ಬಿ. ಕಾಣಲಿಲ್ಲ | ವರದಿ |
| ಜುಲೈ 2020 | — | ಎನಲಾಪ್ರಿಲ್, ಬೇರೆ ಕಂಪನಿ | — | ಬಿಲ್ಲು |

ಕೊನೆಯ ಸಾಲಿನಲ್ಲಿ ಪೆನ್ನು ನಿಲ್ಲುತ್ತದೆ. ನಡೆಯುತ್ತಲೇ ಇದ್ದ ಮಾತ್ರೆಗೆ ಜುಲೈ 2020ರಲ್ಲಿ ಮತ್ತೆ “ಶುರು” ಏಕೆ? ಹಾಗಾದರೆ ಮೊದಲನೆಯದರ ಕೊನೆ ಯಾವಾಗ? ಔಷಧಿ ಆರಂಭಿಸಿದ್ದನ್ನು ಡಾಕ್ಟರರು ಬರೆದಿರುತ್ತಾರೆ. ರೋಗಿ ತಾನೇ ನಿಲ್ಲಿಸಿದ್ದನ್ನು ಯಾರೂ ಬರೆದಿರುವುದಿಲ್ಲ.

“ನಡುವ ಗುಳಿಗಿ ಬಿಟ್ಟಿದ್ರೇನ್ರಿ?”

“ಲಾಕ್‌ಡೌನ್‌ನಾಗ ಎಲ್ಲಿ ಸಿಗ್ತಾವ್ರಿ? ಬಸ್ಸಽ ಇರ್ಲಿಲ್ಲ.”

“ಆವಾಗ ಕೆಮ್ಮು?”

ಅವ್ವ ಸ್ವಲ್ಪ ಯೋಚಿಸುತ್ತಾರೆ. “ಆವಾಗ ಆರಾಮಿದ್ದೆ. ಬಿಸಲಿಗೆ ಹೋತು ಅಂದ್ಕೊಂಡಿದ್ದೆ. ಮತ್ತ ಶ್ರಾವಣದಾಗ ಬಂತು.”

ಖಾಲಿ ಮನೆ ತುಂಬುತ್ತೇನೆ: ಎನಲಾಪ್ರಿಲ್ ಕೊನೆ, ಏಪ್ರಿಲ್ 2020. ಕೆಮ್ಮಿನ ಕೊನೆ, ಮೇ. ಕೆಳಗೆ ಹೊಸ ಸಾಲು: ಕೆಮ್ಮು ಮತ್ತೆ, ಆಗಸ್ಟ್ 2020. ಮಾತ್ರೆ ಬಂದಾಗ ಕೆಮ್ಮು ಬಂದಿದೆ, ನಿಂತಾಗ ನಿಂತಿದೆ, ಮತ್ತೆ ಬಂದಾಗ ಮರಳಿದೆ. ಎನಲಾಪ್ರಿಲ್ ಗುಂಪಿನ ಔಷಧಿಗಳು ಕೆಲವರಲ್ಲಿ ಕಫವಿಲ್ಲದ ಕೆಮ್ಮು ತರುವುದು ವೈದ್ಯರಿಗೆ ಗೊತ್ತಿರುವ ವಿಷಯವೇ. ಅದು ಮೊದಲ ಮಾತ್ರೆಯ ಮರುದಿನವೇ ಬರಬೇಕೆಂದಿಲ್ಲ, ತಿಂಗಳುಗಳ ನಂತರವೂ ಬರಬಹುದು. ಈ ನಡುವಿನ ಅಂತರದಲ್ಲೇ ಹೊಳೆ ಬಂದು ಮನೆ ಬಿದ್ದದ್ದರಿಂದ, ಅವ್ವನ ಕಥೆಯಲ್ಲಿ ಮಾತ್ರೆಯ ಜಾಗವನ್ನು ತಂಪು ಹಿಡಿದಿತ್ತು.

ಆದರೂ ಇದು ಇನ್ನೂ ಅನುಮಾನವೇ, ಹಲವು ತಾರೀಖುಗಳು ನೆನಪಿನವು. ಎನಲಾಪ್ರಿಲ್ ನಿಲ್ಲಿಸಿ ಬಿ.ಪಿ.ಗೆ ಲೊಸಾರ್ಟನ್ ಬರೆಯುತ್ತೇನೆ. ಇಂದಿನ ತಾರೀಖಿನ ಸಾಲಿನಲ್ಲಿ “ಏನಾಯಿತು” ಎಂಬ ಮನೆಯನ್ನು ಖಾಲಿ ಬಿಡುತ್ತೇನೆ. ಇಂಥ ಕೆಮ್ಮು ಹೆಚ್ಚಾಗಿ ಒಂದರಿಂದ ನಾಲ್ಕು ವಾರಗಳಲ್ಲಿ ಹೋಗುತ್ತದೆ, ಕೆಲವೊಮ್ಮೆ ಮೂರು ತಿಂಗಳು ಹಿಡಿಯುತ್ತದೆ. ತಿಂಗಳು ಬಿಟ್ಟು ಇದೇ ಹಾಳೆ ಹಿಡಿದು ಬರಲು ಹೇಳುತ್ತೇನೆ.

ನಿಮ್ಮ ಮನೆಯ ಹಿರಿಯರಿಗೆ ಇಂಥ ಹಾಳೆ ಬರೆಯುವುದಾದರೆ, ಔಷಧಿ ನಿಂತ ತಿಂಗಳನ್ನು ತಪ್ಪದೆ ಕೇಳಿ ಬರೆಯಿರಿ. ಅನುಮಾನ ಬಂದರೆ ಹಾಳೆಯನ್ನು ಡಾಕ್ಟರರ ಮುಂದಿಡಿ, ಬಿ.ಪಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.